ಸೂಚನೆಗಳ ಮಹಾಪೂರದಲ್ಲಿ ಕಾಣದೆ ಹೋಗುವ ಬದಲಾವಣೆ

ಗ್ರಾಹಕರ ದೂರು, ಖರೀದಿ ಆದೇಶ, ದುರಸ್ತಿ ಕೆಲಸ ಇವೆಲ್ಲವನ್ನೂ ಒಂದೊಂದು ಕ್ರಮಸಂಖ್ಯೆಯ ಕೆಳಗೆ ದಾಖಲಿಸಿ, ಅದು ಯಾರ ಹೊಣೆಯಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಎಂದಿಗೆ ಮುಗಿಯಬೇಕು ಎಂಬುದನ್ನು ತೋರಿಸುವ ತಂತ್ರಾಂಶಕ್ಕೆ ಟ್ರ್ಯಾಕರ್ ಎಂಬ ಹೆಸರು ರೂಢಿಯಲ್ಲಿದೆ. ತಂತ್ರಾಂಶ ಕಂಪನಿಗಳಲ್ಲಿ ದೋಷಗಳ ಪಟ್ಟಿ ಇಡಲೆಂದು ಹುಟ್ಟಿದ ಈ ಸಾಧನವನ್ನು ಇಂದು ಸಣ್ಣ ಕಾರ್ಖಾನೆಗಳೂ ಬಿಡಿಭಾಗಗಳ ವಿತರಕರೂ ಬಳಸಬಹುದಾಗಿದೆ. ರೆಡ್‌ಮೈನ್, ಮ್ಯಾಂಟಿಸ್ ಮುಂತಾದವು ಉಚಿತವಾಗಿಯೇ ದೊರೆಯುತ್ತವೆ. ಇವುಗಳನ್ನು ಅಳವಡಿಸಿಕೊಂಡ ಸಂಸ್ಥೆಗಳಿಗೆ ಮೊದಲ ತಿಂಗಳು ಸಂತೋಷವನ್ನೂ ಮೂರನೆಯ ತಿಂಗಳು ಬೇಸರವನ್ನೂ ತರುವ ಗುಣ ಒಂದೇ ಆಗಿದೆ. ಏನೇ ಬದಲಾದರೂ ಟ್ರ್ಯಾಕರ್ ಎಲ್ಲರಿಗೂ ಮಿಂಚಂಚೆ ಕಳುಹಿಸುತ್ತದೆ. ತಿಳಿಯಬೇಕಾದ ಸಂಗತಿ ತಿಳಿಯದೆ ಹೋಗುವುದಕ್ಕೆ ಈ ಧಾರಾಳತನವೇ ಕಾರಣವಾಗುತ್ತದೆ.

ಇದನ್ನು ಅಂಕಿಗಳಲ್ಲಿ ನೋಡಲು ಒಂದು ಕಾರ್ಖಾನೆಯನ್ನು ಕಲ್ಪಿಸಿಕೊಳ್ಳಬಹುದು. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರ ಬದಿಯಲ್ಲಿ, ಕಾನಹೊಸಹಳ್ಳಿಯಲ್ಲಿ, ಟ್ರ್ಯಾಕ್ಟರಿಗೆ ಕಟ್ಟುವ ಬಿತ್ತನೆ ಕೂರಿಗೆಗಳನ್ನು ತಯಾರಿಸುವ ಘಟಕವೊಂದಿದೆ ಎಂದಿಟ್ಟುಕೊಳ್ಳೋಣವೆಂದರೆ ಓದುಗರಿಗೆ ಅದು ಅಪರಿಚಿತವೆನಿಸದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಊರುಗಳಲ್ಲಿ ಅದರ ಮಾರಾಟಗಾರರಿದ್ದಾರೆ. ಮಾಲೀಕರು, ಕಾರ್ಯಾಗಾರದ ಫೋರ್‌ಮನ್, ನಕ್ಷೆ ತೆಗೆಯುವವರು, ಉಗ್ರಾಣದವರು, ಲೆಕ್ಕಿಗರು, ಮಾರಾಟ ನೋಡಿಕೊಳ್ಳುವವರು, ದುರಸ್ತಿಗೆ ಹೋಗುವ ಫಿಟ್ಟರ್ ಹೀಗೆ ಏಳು ಮಂದಿ ರೆಡ್‌ಮೈನ್ ಬಳಸುತ್ತಾರೆ. ಬಿತ್ತನೆಯ ಹಂಗಾಮು ಹತ್ತಿರವಾದಾಗ ಒಬ್ಬೊಬ್ಬರೂ ದಿನಕ್ಕೆ ಹನ್ನೆರಡು ಬದಲಾವಣೆಗಳನ್ನು ದಾಖಲಿಸುತ್ತಾರೆ. ಒಂದು ಚಿತ್ರ ಸೇರಿಸುವುದು, ಒಂದು ಸಾಲು ಟಿಪ್ಪಣಿ ಬರೆಯುವುದು, ಕೆಲಸ ಶೇಕಡ 40ರಿಂದ 60ಕ್ಕೆ ಬಂದಿದೆಯೆಂದು ತಿದ್ದುವುದು ಇವೆಲ್ಲವೂ ಬದಲಾವಣೆಗಳೇ. ಒಟ್ಟು 84 ಬದಲಾವಣೆಗಳಾದವು. ತಾವೇ ಮಾಡಿದ 12ನ್ನು ಕಳೆದರೆ ಒಬ್ಬೊಬ್ಬರಿಗೆ ದಿನಕ್ಕೆ 72 ಪತ್ರಗಳು ಬರುತ್ತವೆ.

ಎಪ್ಪತ್ತೆರಡು ಎಂಬುದು ಹೆಚ್ಚೇ, ಕಡಿಮೆಯೇ? ಈ ಪ್ರಶ್ನೆಗೆ ಉತ್ತರವನ್ನು ತಂತ್ರಾಂಶ ಕ್ಷೇತ್ರಕ್ಕಿಂತ ಮೊದಲು ರಾಸಾಯನಿಕ ಕೈಗಾರಿಕೆ ತನ್ನ ಕಹಿ ಅನುಭವದಿಂದ ಕಂಡುಕೊಂಡಿತು. 1994ರ ಜುಲೈ 24ರಂದು ಬ್ರಿಟನ್ನಿನ ಮಿಲ್ಫರ್ಡ್ ಹೇವನ್‌ನಲ್ಲಿದ್ದ ತೈಲ ಶುದ್ಧೀಕರಣ ಘಟಕದಲ್ಲಿ ಸ್ಫೋಟ ಸಂಭವಿಸಿತು. ಅಲ್ಲಿನ ಸುರಕ್ಷತಾ ಪ್ರಾಧಿಕಾರ ನಡೆಸಿದ ತನಿಖೆಯ ಪ್ರಕಾರ ಸ್ಫೋಟಕ್ಕೆ ಮುಂಚಿನ ಕೊನೆಯ 11 ನಿಮಿಷಗಳಲ್ಲಿ ನಿಯಂತ್ರಣ ಕೊಠಡಿಯ ಇಬ್ಬರು ಸಿಬ್ಬಂದಿಯ ಮುಂದೆ 275 ಎಚ್ಚರಿಕೆಗಳು ಮೊಳಗಿದ್ದವು. ಎಚ್ಚರಿಕೆಗಳು ವಿಪರೀತವಾಗಿದ್ದವು, ಅವುಗಳಲ್ಲಿ ಯಾವುದು ಮುಖ್ಯ ಯಾವುದು ಅಮುಖ್ಯ ಎಂಬ ವಿಂಗಡಣೆ ಸರಿಯಾಗಿರಲಿಲ್ಲ ಎಂಬುದು ತನಿಖೆಯ ತೀರ್ಮಾನಗಳಲ್ಲೊಂದು. ಆ ಬಳಿಕ 1999ರಲ್ಲಿ ಬ್ರಿಟನ್ನಿನ ಎಂಜಿನಿಯರಿಂಗ್ ಸಾಮಗ್ರಿ ಬಳಕೆದಾರರ ಸಂಘವು ಪ್ರಕಟಿಸಿದ, ಇಂದಿಗೂ ಬಳಕೆಯಲ್ಲಿರುವ 191ನೇ ಮಾರ್ಗಸೂಚಿಯು ಸಾಮಾನ್ಯ ದಿನಗಳಲ್ಲಿ ಒಬ್ಬ ಸಿಬ್ಬಂದಿಗೆ ಸರಾಸರಿ ಹತ್ತು ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಎಚ್ಚರಿಕೆ ಬರಬಾರದೆಂಬ ಅಳತೆಗೋಲನ್ನು ಇಟ್ಟಿತು. ಎಂಟು ಗಂಟೆಯ ಪಾಳಿಗೆ ಅದು 48 ಆಗುತ್ತದೆ. ಎಚ್ಚರಿಕೆ ನೋಡುವುದನ್ನೇ ವೃತ್ತಿಯಾಗಿಸಿಕೊಂಡವನಿಗೆ ಹೇಳಿದ ಮಿತಿ ಇದು. ಕಾನಹೊಸಹಳ್ಳಿಯ ಫೋರ್‌ಮನ್‌ಗೆ ಬರುತ್ತಿರುವುದು 72, ಮತ್ತು ಅವರ ನಿಜವಾದ ಕೆಲಸ ಬೆಸುಗೆಯ ಕಿಡಿಗಳ ನಡುವೆ ಇದೆ.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಏನಾಯಿತೆಂಬುದನ್ನು ನೋಡಬೇಕು. ಹಡಗಲಿಯ ಮಾರಾಟಗಾರರು 12 ಕೂರಿಗೆಗಳಿಗೆ ಆದೇಶ ಕೊಟ್ಟಿದ್ದರು. ಶೇಂಗಾ ಬಿತ್ತನೆಗಾಗಿ ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್ ಅಂತರ, ಒಂಬತ್ತು ಗುಳಗಳು. ಆದರೆ ಅವರ ಗಿರಾಕಿಗಳು ಈ ಬಾರಿ ಮೆಕ್ಕೆಜೋಳದ ಕಡೆ ವಾಲಿದ್ದರಿಂದ 60 ಸೆಂಟಿಮೀಟರ್ ಅಂತರದ ಐದು ಗುಳಗಳ ಕೂರಿಗೆಯೇ ಬೇಕೆಂದು ದೂರವಾಣಿಯಲ್ಲಿ ತಿಳಿಸಿದರು. ಚೌಕಟ್ಟಿನ ಅಗಲ ಎರಡಕ್ಕೂ 240 ಸೆಂಟಿಮೀಟರೇ ಆದ್ದರಿಂದ ಹೊರನೋಟಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಇದು ಗುಳದ ಹಿಡಿಕೆಗಳನ್ನು ಚೌಕಟ್ಟಿಗೆ ನೇರವಾಗಿ ಬೆಸುಗೆ ಹಾಕುವ ಅಗ್ಗದ ಮಾದರಿ. ಬೋಲ್ಟು ಸಡಿಲಿಸಿ ಸರಿಸುವ ಸೌಕರ್ಯ ಇದರಲ್ಲಿಲ್ಲ. ಬೀಜ ಇಳಿಸುವ ಉರುಳೆಯ ಕುಳಿಗಳೂ ಮೆಕ್ಕೆಜೋಳಕ್ಕೆ ಬೇರೆಯೇ ಆಗಬೇಕು.

ಮಾರಾಟದವರು ಕರ್ತವ್ಯಲೋಪ ಮಾಡಲಿಲ್ಲ. ಅದೇ ಗಳಿಗೆಯಲ್ಲಿ ಆದೇಶದ ದಾಖಲೆಯನ್ನು ತೆರೆದು, ಮುಂಗಡ ಹಣ ಜಮೆಯಾದ ಸುದ್ದಿಯನ್ನು ಮೂರು ಸಾಲು ಬರೆದು, ನಾಲ್ಕನೆಯ ಸಾಲಿನಲ್ಲಿ ‘ಅಂತರ 60 ಮಾಡಬೇಕಂತೆ, ಐದು ಗುಳ’ ಎಂದು ಸೇರಿಸಿದರು. ರೆಡ್‌ಮೈನ್ ಆರು ಜನರಿಗೆ ಪತ್ರ ಕಳುಹಿಸಿತು. ಆ ಪತ್ರದ ವಿಷಯದ ಸಾಲು ಹೀಗಿತ್ತು:

```
[ಆದೇಶಗಳು - ಆದೇಶ #214] ಹಡಗಲಿ 12 ಕೂರಿಗೆ
```

ಆ ದಾಖಲೆಯ ಕುರಿತು ಅಂದು ಬಂದ ಇನ್ನೂ ಐದು ಪತ್ರಗಳ ವಿಷಯದ ಸಾಲೂ ಅಕ್ಷರಶಃ ಇದೇ ಆಗಿತ್ತು. ಟಿಪ್ಪಣಿ ಬರೆದರೆ ವಿಷಯದ ಸಾಲು ಬದಲಾಗುವುದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಮೊಬೈಲ್ ತೆಗೆದ ಫೋರ್‌ಮನ್‌ಗೆ ಓದದ ಮೂವತ್ತು ಪತ್ರಗಳು ಕಂಡವು. ಹಣ ಬಂದದ್ದು, ಲಾರಿ ಹೊರಟದ್ದು, ಚಿತ್ರ ಸೇರಿಸಿದ್ದು ಇವೆಲ್ಲ ಸಾವಿರ ಸಲ ಕಂಡದ್ದೇ ಆದ್ದರಿಂದ ಅವರು ಮೇಲಿನ ನಾಲ್ಕನ್ನು ನೋಡಿ ಉಳಿದವನ್ನು ಓದಿದಂತೆ ಗುರುತು ಹಾಕಿದರು. ದಿನಕ್ಕೆ ನಾಲ್ಕರಂತೆ ಬುಧವಾರ ಸಂಜೆಗೆ ಹನ್ನೆರಡೂ ಚೌಕಟ್ಟುಗಳು 30 ಸೆಂಟಿಮೀಟರ್ ಅಂತರದಲ್ಲಿಯೇ ಬೆಸುಗೆಯಾದವು. ಗುರುವಾರ ಲಾರಿಗೆ ಏರಿಸುವಾಗ ಸಂಗತಿ ಬಯಲಾಯಿತು. ಒಂದೊಂದರಲ್ಲೂ ಒಂಬತ್ತು ಹಿಡಿಕೆಗಳ ಪೈಕಿ ನಾಲ್ಕನ್ನು ಕತ್ತರಿಸಿ, ಜಾಗ ಉಜ್ಜಿ, ಬಣ್ಣ ಬಳಿಯಬೇಕಾಯಿತು. 48 ಹಿಡಿಕೆಗಳು ವ್ಯರ್ಥವಾದವು, ಉರುಳೆಗಳನ್ನು ಹೊಸದಾಗಿ ತರಿಸಬೇಕಾಯಿತು. ಮಳೆ ಬಿದ್ದ ಹದ ಯಾರಿಗಾಗಿಯೂ ಕಾಯದೆಂಬುದನ್ನು ಈ ಭಾಗದ ವ್ಯಾಪಾರಿಗಳಿಗೆ ಹೇಳಬೇಕಾಗಿಲ್ಲ.

ಇಂಥ ಸಂದರ್ಭದಲ್ಲಿ ಮಾಲೀಕರು ಸಾಮಾನ್ಯವಾಗಿ ಹೊರಡಿಸುವ ಆಜ್ಞೆ ‘ಇನ್ನು ಮುಂದೆ ಎಲ್ಲರೂ ಎಲ್ಲ ಪತ್ರಗಳನ್ನೂ ಓದತಕ್ಕದ್ದು’ ಎಂಬುದಾಗಿರುತ್ತದೆ. ಇದು ಒಂದು ವಾರ ನಡೆಯುತ್ತದೆ. ಇನ್ನು ಕೆಲವರು ವಾಟ್ಸಾಪ್ ಗುಂಪೊಂದನ್ನು ತೆರೆದು ಮುಖ್ಯ ಸಂಗತಿಗಳನ್ನು ಅಲ್ಲಿ ಮತ್ತೊಮ್ಮೆ ಹಾಕಲು ಹೇಳುತ್ತಾರೆ. ಶುಭೋದಯದ ಹೂಗಳ ನಡುವೆ ಅಳತೆ ಹುಡುಕುವ ಹೊಸ ಕೆಲಸವೊಂದು ಅಲ್ಲಿ ಹುಟ್ಟಿಕೊಳ್ಳುತ್ತದೆ. ದಾಖಲೆ ಒಂದು ಕಡೆ, ಸತ್ಯ ಇನ್ನೊಂದು ಕಡೆ ಎಂಬ ಸ್ಥಿತಿ ಬಂದರೆ ಟ್ರ್ಯಾಕರ್ ಇಟ್ಟುಕೊಂಡ ಉದ್ದೇಶವೇ ಹೋಯಿತು.

ಕಳುಹಿಸುವುದು ಬೇರೆ, ಗಮನಕ್ಕೆ ಬರುವುದು ಬೇರೆ ಎಂಬ ಮಾತು ವರ್ತಕರಿಗೆ ಹೊಸತಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ, 2017ರ 169ನೇ ಪ್ರಕರಣದ ಪ್ರಕಾರ ಜಾಲತಾಣದಲ್ಲಿ ನೋಟಿಸು ಹಾಕುವುದೂ ಜಾರಿ ಮಾಡುವ ವಿಧಾನಗಳಲ್ಲೊಂದು. ಆದರೆ `Additional Notices and Orders` ಎಂಬ ಬೇರೆ ಭಾಗದಲ್ಲಿ ಹಾಕಿದ ನೋಟಿಸನ್ನು ಕಾಣದೆ ಉತ್ತರಿಸಲಾಗದವರ ಪ್ರಕರಣಗಳು ಮದ್ರಾಸ್ ಮತ್ತು ದೆಹಲಿ ಉಚ್ಚ ನ್ಯಾಯಾಲಯಗಳವರೆಗೆ ಹೋದವು. ಇತರರ ಜಾಲತಾಣವನ್ನು ತಿದ್ದುವ ಅಧಿಕಾರ ವರ್ತಕರಿಗಿಲ್ಲ. ತಮ್ಮದೇ ಟ್ರ್ಯಾಕರನ್ನು ತಿದ್ದುವ ಅಧಿಕಾರ ಪೂರ್ಣವಾಗಿ ಇದೆ. ಆದರೂ ಅದನ್ನು ಕೊಂಡಾಗ ಹೇಗಿತ್ತೋ ಹಾಗೆಯೇ ನಡೆಸುವುದು ಆಶ್ಚರ್ಯದ ಸಂಗತಿ.

ತಿದ್ದುವುದಕ್ಕೆ ಮುಂಚೆ ಒಂದು ವಾರದ ಪತ್ರಗಳನ್ನು ಎಣಿಸಬೇಕು. ಫೋರ್‌ಮನ್‌ರ ಪೆಟ್ಟಿಗೆಗೆ ಬಂದ ಒಂದೊಂದು ಪತ್ರದ ಮುಂದೆಯೂ ಮೂರರಲ್ಲಿ ಒಂದು ಗುರುತು ಹಾಕಿದರೆ ಸಾಕು. ಓದಿದ ಕೂಡಲೇ ಅವರು ಏನನ್ನಾದರೂ ಮಾಡಬೇಕಾಗಿತ್ತೇ, ನಾಳೆ ತಿಳಿದರೂ ನಡೆಯುತ್ತಿತ್ತೇ, ತಿಳಿಯದಿದ್ದರೂ ನಡೆಯುತ್ತಿತ್ತೇ. ಮೊದಲ ಗುಂಪಿನಲ್ಲಿ ಬೆರಳೆಣಿಕೆಯ ಪತ್ರಗಳು ಮಾತ್ರ ಉಳಿಯುವುದನ್ನು ಕಂಡಾಗ ವಾದ ವಿವಾದಗಳು ತಾವಾಗಿಯೇ ತಣ್ಣಗಾಗುತ್ತವೆ. ಈ ಎಣಿಕೆಯಿಲ್ಲದೆ ನಿಯಮಗಳನ್ನು ಬದಲಿಸಲು ಹೊರಟರೆ ಪ್ರತಿಯೊಬ್ಬರೂ ತಮಗೆ ಎಲ್ಲವೂ ಬೇಕೆಂದೇ ಹೇಳುತ್ತಾರೆ. ಬೇಡವೆಂದರೆ ಜವಾಬ್ದಾರಿಯಿಂದ ನುಣುಚಿಕೊಂಡಂತೆ ಕಾಣುತ್ತದೆಂಬ ಅಳುಕು ಅದಕ್ಕೆ ಕಾರಣ.

ಯಾವುದನ್ನು ತಕ್ಷಣ ಕಳುಹಿಸಬೇಕು, ಯಾವುದನ್ನು ಕಾಯಿಸಿ ದಿನಕ್ಕೊಮ್ಮೆ ಸಾರಾಂಶವಾಗಿ ಕೊಡಬೇಕು ಎಂಬುದನ್ನು ಸುದ್ದಿಯ ಗಾತ್ರದಿಂದಾಗಲೀ ಕಳುಹಿಸಿದವರ ಸ್ಥಾನದಿಂದಾಗಲೀ ನಿರ್ಧರಿಸಬಾರದು. ಕಾಯುವುದರಿಂದ ಆಗುವ ನಷ್ಟವೇ ಅದರ ಅಳತೆ. ಆದೇಶ 214ರಲ್ಲಿ ಅಂತರದ ಬದಲಾವಣೆ ಸೋಮವಾರ ಮಧ್ಯಾಹ್ನ ತಿಳಿದಿದ್ದರೆ ಎರಡು ಚೌಕಟ್ಟುಗಳು ಕೆಡುತ್ತಿದ್ದವು, ಮಂಗಳವಾರ ಬೆಳಗಿನ ಸಾರಾಂಶದಲ್ಲಿ ತಿಳಿದಿದ್ದರೆ ನಾಲ್ಕು, ಗುರುವಾರ ತಿಳಿದಾಗ ಹನ್ನೆರಡು. ಆದ್ದರಿಂದ ಅದು ಸಾರಾಂಶಕ್ಕೆ ಕಾಯತಕ್ಕ ಸುದ್ದಿಯಲ್ಲ. ಅದೇ ಪತ್ರದಲ್ಲಿದ್ದ ಮುಂಗಡ ಹಣದ ಸುದ್ದಿ ಲಕ್ಷಗಟ್ಟಲೆ ರೂಪಾಯಿಯದ್ದಾಗಿದ್ದರೂ ಫೋರ್‌ಮನ್‌ಗೆ ಅದರಿಂದ ಮಾಡಬೇಕಾದ್ದೇನೂ ಇಲ್ಲ. ಅವರಿಗೆ ಅದು ಸಾರಾಂಶದಲ್ಲಿಯೂ ಬೇಡ.

ಇಲ್ಲಿ ಬಹುತೇಕ ಸಂಸ್ಥೆಗಳು ಎಡವುವ ಒಂದು ಅಂಶವಿದೆ. ನಿಗಾ ನಿಯಮಗಳು ಟಿಪ್ಪಣಿಯ ಅರ್ಥವನ್ನು ಓದಲಾರವು. ಅವು ನೋಡುವುದು ದಾಖಲೆಯ ಅಂಕಣಗಳನ್ನು ಮಾತ್ರ, ಅಂದರೆ ಸ್ಥಿತಿ, ಹೊಣೆಗಾರ, ಆದ್ಯತೆ, ಗಡುವು ಇವುಗಳನ್ನು. ‘ಅಂತರ 60 ಮಾಡಬೇಕಂತೆ’ ಎಂಬ ವಾಕ್ಯವೂ ‘ಚಿತ್ರ ಲಗತ್ತಿಸಿದೆ’ ಎಂಬ ವಾಕ್ಯವೂ ನಿಯಮದ ಕಣ್ಣಿಗೆ ಒಂದೇ. ಮುಖ್ಯವಾದ ಬದಲಾವಣೆ ಮುಖ್ಯವೆಂದು ಯಂತ್ರಕ್ಕೆ ತಿಳಿಯಬೇಕಾದರೆ ಮನುಷ್ಯನು ಅದನ್ನು ಅಂಕಣದಲ್ಲಿ ತೋರಿಸಬೇಕು. ಈ ಶಿಸ್ತು ಮೊದಲು ಬರದೆ ಪತ್ರಗಳನ್ನು ಕಡಿಮೆ ಮಾಡಿದರೆ ಗದ್ದಲದ ಜೊತೆ ಸುದ್ದಿಯೂ ನಿಂತುಹೋಗುತ್ತದೆ.

ರೆಡ್‌ಮೈನಿನಲ್ಲಿ ಇದಕ್ಕೆ ಸೂಕ್ತ ಅಂಕಣ ಸ್ಥಿತಿಯೇ ಆಗಿದೆ. ‘ಸಾಲಿನ ಅಂತರ’ ಎಂಬ ಸ್ವಂತ ಅಂಕಣವೊಂದನ್ನು ಸೇರಿಸಬಹುದು, ಸೇರಿಸಲೂಬೇಕು. ಆದರೆ ಸ್ವಂತ ಅಂಕಣ ಬದಲಾದಾಗ ಮಾತ್ರ ಪತ್ರ ಕಳುಹಿಸೆಂದು ಹೇಳುವ ವ್ಯವಸ್ಥೆ ಮೂಲ ತಂತ್ರಾಂಶದಲ್ಲಿಲ್ಲ. ಸ್ಥಿತಿ ಬದಲಾದಾಗ ಕಳುಹಿಸೆಂದು ಹೇಳಬಹುದು, ಮತ್ತು ಆಗ ಹೊಸ ಸ್ಥಿತಿಯ ಹೆಸರು ವಿಷಯದ ಸಾಲಿನಲ್ಲಿಯೇ ಬರುತ್ತದೆ. ಆದ್ದರಿಂದ ‘ಅಳತೆ ಬದಲು’ ಎಂಬ ಹೊಸ ಸ್ಥಿತಿಯೊಂದನ್ನು ನಿರ್ಮಿಸಿ, ಆ ಸ್ಥಿತಿಯಲ್ಲಿ ಹೊಣೆಗಾರರ ಹೆಸರನ್ನು ಕಡ್ಡಾಯ ಮಾಡಬೇಕು. ಮಾರಾಟದವರು ಅಂದು ಮಾಡಬೇಕಾಗಿದ್ದುದು ಅಂತರದ ಅಂಕಣವನ್ನು ತಿದ್ದಿ, ಸ್ಥಿತಿಯನ್ನು ‘ಅಳತೆ ಬದಲು’ ಎಂದು ಇಟ್ಟು, ಹೊಣೆಯನ್ನು ಫೋರ್‌ಮನ್ ಹೆಸರಿಗೆ ವರ್ಗಾಯಿಸುವುದು. ಅರ್ಧ ನಿಮಿಷದ ಕೆಲಸ. ಆಗ ಫೋರ್‌ಮನ್ ಮೊಬೈಲಿನಲ್ಲಿ ಕಾಣುತ್ತಿದ್ದುದು ಹೀಗೆ:

```
[ಆದೇಶಗಳು - ಆದೇಶ #214] (ಅಳತೆ ಬದಲು) ಹಡಗಲಿ 12 ಕೂರಿಗೆ
```

ಪತ್ರ ತೆರೆಯದಿದ್ದರೂ ಕೆಲಸ ನಿಲ್ಲಿಸಲು ಇಷ್ಟು ಸಾಕು.

ಇನ್ನು ಪತ್ರಗಳ ನಿಯಂತ್ರಣಕ್ಕೆ ಬರುವುದಾದರೆ, ಎರಡು ಕಡೆ ಕೈ ಹಾಕಬೇಕಾಗುತ್ತದೆ. ಆಡಳಿತಗಾರರ ಖಾತೆಯಲ್ಲಿ `Administration`, ಅದರೊಳಗೆ `Settings`, ಅದರೊಳಗೆ `Email notifications` ಎಂಬ ಪುಟವಿದೆ. ಅಲ್ಲಿ `Issue updated` ಎಂಬ ಚೌಕದಲ್ಲಿ ಗುರುತಿದ್ದರೆ ಯಾವ ಬದಲಾವಣೆಯಾದರೂ ಪತ್ರ ಹೋಗುತ್ತದೆ. ಆ ಗುರುತನ್ನು ತೆಗೆದು `Status updated`, `Assignee updated`, `Priority updated` ಈ ಮೂರಕ್ಕೆ ಮಾತ್ರ ಗುರುತು ಹಾಕಿದರೆ ಚಿತ್ರ ಸೇರಿಸಿದ, ಶೇಕಡಾವಾರು ತಿದ್ದಿದ, ಬರಿಯ ಟಿಪ್ಪಣಿ ಬರೆದ ಪತ್ರಗಳು ನಿಲ್ಲುತ್ತವೆ. ಹೊಸ ದಾಖಲೆ ತೆರೆದಾಗಿನ `Issue added` ಇರಲಿ. ಸ್ಥಿತಿಯನ್ನು ಬದಲಿಸುವಾಗ ಅದರ ಜೊತೆಗೇ ಬರೆದ ಟಿಪ್ಪಣಿ ಅದೇ ಪತ್ರದಲ್ಲಿ ಹೋಗುವುದರಿಂದ ವಿವರಣೆಯೇನೂ ಕಳೆದುಹೋಗುವುದಿಲ್ಲ. ಇದು ಇಡೀ ಸಂಸ್ಥೆಗೆ ಅನ್ವಯಿಸುವ ಬದಲಾವಣೆಯಾದ್ದರಿಂದ ಹಂಗಾಮಿನ ನಡುವೆ ಮಾಡದೆ, ಕೆಲಸ ಕಡಿಮೆಯಿರುವ ತಿಂಗಳಲ್ಲಿ ಮಾಡುವುದು ಕ್ಷೇಮ.

ಎರಡನೆಯದು ಒಬ್ಬೊಬ್ಬರ ಸ್ವಂತ ಖಾತೆಯ ಪುಟ. ಅಲ್ಲಿ `For any event on all my projects` ಎಂದಿದ್ದರೆ ಆ ವ್ಯಕ್ತಿಗೆ ಸಂಸ್ಥೆಯ ಎಲ್ಲ ದಾಖಲೆಗಳ ಪತ್ರಗಳೂ ಬರುತ್ತವೆ. ಕಾರ್ಯಾಗಾರದವರಿಗೆ `Only for things I watch or I am assigned to` ಎಂಬುದೇ ಸರಿಯಾದ ಆಯ್ಕೆ. ತಮ್ಮ ಹೊಣೆಯಲ್ಲಿರುವ ಮತ್ತು ತಾವಾಗಿ ನಿಗಾ ಇಟ್ಟಿರುವ ದಾಖಲೆಗಳ ಸುದ್ದಿ ಮಾತ್ರ ಆಗ ಬರುತ್ತದೆ. ತಾವೇ ಮಾಡಿದ ಬದಲಾವಣೆಯ ಪತ್ರ ತಮಗೇ ಬರುವುದನ್ನು ತಡೆಯುವ ಚೌಕವೂ ಅಲ್ಲಿಯೇ ಇದೆ. ಇಷ್ಟು ಮಾಡಿದರೂ ಕೆಲವರಿಗೆ ಪತ್ರಗಳು ಕಡಿಮೆಯಾಗುವುದಿಲ್ಲ. ಅದಕ್ಕೆ ಕಾರಣ ನಿಗಾದಾರರ ಪಟ್ಟಿ. ಆದೇಶ ತೆರೆಯುವವರು ‘ಇರಲಿ’ ಎಂದು ಏಳೂ ಹೆಸರುಗಳಿಗೆ ಗುರುತು ಹಾಕಿರುತ್ತಾರೆ. ಹೊಸ ಆವೃತ್ತಿಗಳಲ್ಲಿ ಒಮ್ಮೆ ಟಿಪ್ಪಣಿ ಬರೆದವರನ್ನು ತಂತ್ರಾಂಶವೇ ನಿಗಾದಾರರಾಗಿ ಸೇರಿಸಿಕೊಳ್ಳುವ ಆಯ್ಕೆಯೂ ಇದೆ. ಹಳೆಯ ದಾಖಲೆಗಳಿಂದ ಈ ಹೆಸರುಗಳನ್ನು ಅಳಿಸುವುದು ಬೇಸರದ ಕೆಲಸ, ಆದರೆ ಅದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ಅರ್ಧಕ್ಕೆ ನಿಲ್ಲುತ್ತದೆ.

ಈ ಹಂತದಲ್ಲಿ ಅತಿ ಹೆಚ್ಚು ವಿರೋಧ ಬರುವುದು ಮಾಲೀಕರಿಂದಲೇ. ‘ನನಗೆ ಎಲ್ಲವೂ ಬರಲಿ, ಉಳಿದವರಿಗೆ ಬೇಡ’ ಎಂಬುದು ಅವರ ನಿಲುವು. ಮನೆಯ ಯಜಮಾನನಿಗೆ ಮನೆಯ ಸುದ್ದಿ ತಿಳಿದಿರಬೇಕೆಂಬ ಭಾವನೆ ಗೌರವಾರ್ಹವೇ. ಆದರೆ ಹಡಗಲಿಯ ಪತ್ರ ಮಾಲೀಕರಿಗೂ ಬಂದಿತ್ತು. ಮಾಲೀಕರು ನೋಡುತ್ತಾರೆಂದು ಮಾರಾಟದವರು ನಿಶ್ಚಿಂತರಾದರು, ಫೋರ್‌ಮನ್ ನೋಡುತ್ತಾರೆಂದು ಮಾಲೀಕರು ನಿಶ್ಚಿಂತರಾದರು. ಆರು ಜನರಿಗೆ ಹೋದ ಸುದ್ದಿಗೆ ಒಬ್ಬರೂ ಹೊಣೆಯಾಗಲಿಲ್ಲ. ಮಾಲೀಕರಿಗೆ ತಕ್ಷಣ ಬರಬೇಕಾದದ್ದು ಮೇಲಿನ ಆದ್ಯತೆಯ ದಾಖಲೆಗಳ ಸುದ್ದಿ ಮಾತ್ರ. ಸ್ವಂತ ಖಾತೆಯ ಪುಟದಲ್ಲಿ ಅದಕ್ಕೆ ಬೇರೆಯೇ ಚೌಕವಿದೆ. ಆದರೆ ‘ಅತಿ ತುರ್ತು’ ಎಂಬ ಆದ್ಯತೆಯನ್ನು ಎಲ್ಲ ಆದೇಶಗಳಿಗೂ ಹಚ್ಚುವ ಚಟ ಅಂಟಿಕೊಂಡರೆ ಆ ಚೌಕವೂ ನಿಷ್ಪ್ರಯೋಜಕ. ತೆರೆದಿರುವ ಇಪ್ಪತ್ತು ದಾಖಲೆಗಳಲ್ಲಿ ಒಂದೆರಡಕ್ಕಿಂತ ಹೆಚ್ಚು ದಾಖಲೆಗಳು ತುರ್ತೆನಿಸಿದರೆ ಆದ್ಯತೆಯ ಅಂಕಣ ಕೆಟ್ಟಿದೆಯೆಂದು ತಿಳಿಯಬಹುದು.

ಉಳಿದ ಸುದ್ದಿಗಳೆಲ್ಲ ಸಾರಾಂಶಕ್ಕೆ ಸೇರಬೇಕು. ಸಾರಾಂಶವೆಂದರೆ ನಿಂತುಹೋದ ಪತ್ರಗಳನ್ನೆಲ್ಲ ಒಂದೇ ಪತ್ರದಲ್ಲಿ ಪೋಣಿಸುವುದೆಂದು ಹಲವರು ತಿಳಿಯುತ್ತಾರೆ. ಹಾಗೆ ಮಾಡಿದರೆ 72 ಪತ್ರಗಳ ಬದಲು 72 ಸಾಲುಗಳ ಒಂದು ಪತ್ರ ಬರುತ್ತದೆ, ಮತ್ತು ಅದನ್ನು ಓದದೆ ಬಿಡುವುದು ಇನ್ನೂ ಸುಲಭ. ನಿನ್ನೆ ಏನೇನು ಬದಲಾಯಿತು ಎಂಬುದು ಸಾರಾಂಶದ ಪ್ರಶ್ನೆಯಾಗಬಾರದು. ಇಂದು ಯಾವುದು ಕೆಡಬಹುದು ಎಂಬುದೇ ಪ್ರಶ್ನೆಯಾಗಬೇಕು. ಗಡುವು ಎರಡು ದಿನದೊಳಗಿರುವ ಅಥವಾ ಮೀರಿರುವ ದಾಖಲೆಗಳು, ‘ಅಳತೆ ಬದಲು’ ಸ್ಥಿತಿಯಲ್ಲಿಯೇ ಉಳಿದಿರುವ ದಾಖಲೆಗಳು, ಯಾರ ಹೊಣೆಗೂ ಸೇರದ ದಾಖಲೆಗಳು ಈ ಮೂರು ಪಟ್ಟಿಗಳು ಸೇರಿ ಹದಿನೈದು ಸಾಲು ಮೀರದಿದ್ದರೆ ಬೆಳಗಿನ ಚಹಾ ಮುಗಿಯುವಷ್ಟರಲ್ಲಿ ಓದಿ ಮುಗಿಯುತ್ತದೆ.

ಮೊದಲ ಪಟ್ಟಿಯನ್ನು ರೆಡ್‌ಮೈನ್ ತಾನೇ ಕಳುಹಿಸಬಲ್ಲದು. ಲಿನಕ್ಸ್ ಗಣಕದಲ್ಲಿ ಸಮಯಕ್ಕೆ ಸರಿಯಾಗಿ ಆಜ್ಞೆ ನಡೆಸುವ ಕ್ರಾನ್ ಪಟ್ಟಿಗೆ ಈ ಒಂದು ಸಾಲು ಸೇರಿಸಿದರೆ ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ ಏಳೂವರೆಗೆ ಅವರವರ ಹೊಣೆಯ ದಾಖಲೆಗಳ ಪಟ್ಟಿ ಅವರವರಿಗೆ ತಲುಪುತ್ತದೆ. ರೆಡ್‌ಮೈನ್ ಸ್ಥಾಪಿಸಿದ ಜಾಗ ಬೇರೆಯಾಗಿದ್ದರೆ ಅದನ್ನು ಮಾತ್ರ ಬದಲಿಸಿಕೊಳ್ಳಬೇಕು.

```
30 7 * * 1-6 cd /opt/redmine && bundle exec rake redmine:send_reminders days=2 RAILS_ENV=production
```

ಇದರ ಮಿತಿಗಳನ್ನು ಅರಿಯದೆ ನಂಬಿಕೊಂಡರೆ ಅಪಾಯವಿದೆ. ಗಡುವಿನ ದಿನಾಂಕ ತುಂಬದ ದಾಖಲೆ ಈ ಪಟ್ಟಿಗೆ ಬರುವುದಿಲ್ಲ. ಹೊಣೆಗಾರರಿಲ್ಲದ ದಾಖಲೆಯೂ ಬರುವುದಿಲ್ಲ, ಏಕೆಂದರೆ ಯಾರಿಗೆ ಕಳುಹಿಸಬೇಕೆಂಬುದೇ ಅದಕ್ಕೆ ತಿಳಿಯದು. ಹೀಗೆ ಅತ್ಯಂತ ಅನಾಥವಾದ ದಾಖಲೆಗಳೇ ಅತ್ಯಂತ ಮೌನವಾಗಿರುತ್ತವೆ. ಮತ್ತೊಂದು ತೊಡಕೆಂದರೆ, ಹೇಳುವುದೇನೂ ಇಲ್ಲದ ದಿನ ಪತ್ರವೇ ಬರುವುದಿಲ್ಲ. ಪತ್ರ ಬಾರದಿದ್ದುದು ಕೆಲಸವೆಲ್ಲ ಸರಿಯಾಗಿರುವುದರಿಂದಲೋ, ಮಿಂಚಂಚೆಯ ಗುಪ್ತಪದದ ಅವಧಿ ಮುಗಿದು ವ್ಯವಸ್ಥೆ ನಿಂತಿರುವುದರಿಂದಲೋ ಎಂಬುದನ್ನು ಓದುವವರು ಹೇಳಲಾರರು. ಜಿರಾ ತಂತ್ರಾಂಶದಲ್ಲಿ ಉಳಿಸಿಟ್ಟ ಪಟ್ಟಿಯೊಂದನ್ನು ನಿಗದಿತ ವೇಳೆಗೆ ಅಂಚೆಯಲ್ಲಿ ಪಡೆಯುವ ಸೌಲಭ್ಯದೊಡನೆ, ಪಟ್ಟಿ ಖಾಲಿಯಿದ್ದರೂ ಕಳುಹಿಸು ಎಂಬ ಆಯ್ಕೆಯನ್ನು ಕೊಟ್ಟಿರುವುದು ಈ ಕಾರಣಕ್ಕೆ ಮೆಚ್ಚತಕ್ಕದ್ದು. ‘ಇಂದು ಏನೂ ಇಲ್ಲ’ ಎಂಬ ಪತ್ರವೂ ಒಂದು ಸುದ್ದಿಯೇ.

ಎರಡನೆಯ ಮತ್ತು ಮೂರನೆಯ ಪಟ್ಟಿಗಳಿಗೆ ರೆಡ್‌ಮೈನಿನಲ್ಲಿ ತಾನಾಗಿ ಅಂಚೆ ಹೋಗುವ ಏರ್ಪಾಡು ಮೂಲದಲ್ಲಿಲ್ಲ. ಶೋಧನೆಯ ಷರತ್ತುಗಳನ್ನು ಹೆಸರಿಟ್ಟು ಉಳಿಸಿಕೊಂಡು, ಯಾರಾದರೊಬ್ಬರು ದಿನಕ್ಕೊಮ್ಮೆ ಆ ಪುಟವನ್ನು ತೆರೆಯಬೇಕು. ಇದನ್ನು ಕೊರತೆಯೆಂದು ದೂರುವುದಕ್ಕಿಂತ, ಕಾರ್ಯಾಗಾರದ ಬಾಗಿಲು ತೆರೆದ ಕೂಡಲೇ ಫೋರ್‌ಮನ್ ಮತ್ತು ಮಾರಾಟದವರು ಆ ಪುಟದ ಮುಂದೆ ಐದು ನಿಮಿಷ ನಿಲ್ಲುವ ರೂಢಿ ಮಾಡಿಕೊಳ್ಳುವುದು ಮೇಲು. ಇಬ್ಬರು ಒಟ್ಟಿಗೆ ನೋಡಿದ ಪುಟದಲ್ಲಿ ಹಣದ ಸುದ್ದಿಯ ಬಾಲಕ್ಕೆ ಅಂಟಿದ ಅಳತೆಯೂ ಬಾಯಿಮಾತಿನಲ್ಲಿ ಹೊರಬರುವ ಸಂಭವ ಹೆಚ್ಚು.

ತಕ್ಷಣದ ಪತ್ರವೂ ಕೂಡ ಗಮನಕ್ಕೆ ಬಂತೆಂಬುದಕ್ಕೆ ಸಾಕ್ಷಿಯಲ್ಲ. ಮೊಬೈಲ್ ಚಾರ್ಜು ಮುಗಿದಿರಬಹುದು, ಪತ್ರ ಅನಪೇಕ್ಷಿತ ಅಂಚೆಯ ಪೆಟ್ಟಿಗೆಗೆ ಬಿದ್ದಿರಬಹುದು. ಆದ್ದರಿಂದ ‘ಅಳತೆ ಬದಲು’ ಸ್ಥಿತಿಯಿಂದ ಹೊರಬರುವ ಬಾಗಿಲು ಒಂದೇ ಇರಬೇಕು, ಮತ್ತು ಅದರ ಕೀಲಿ ಫೋರ್‌ಮನ್ ಕೈಯಲ್ಲಿರಬೇಕು. ಅವರು ಹೊಸ ನಕ್ಷೆಯನ್ನು ಗೋಡೆಗೆ ಅಂಟಿಸಿ, ಹಳೆಯದನ್ನು ತೆಗೆದು, ಸ್ಥಿತಿಯನ್ನು ‘ನಕ್ಷೆ ತಿದ್ದಿದೆ’ ಎಂದು ಬದಲಿಸಬೇಕು. ಆ ಬದಲಾವಣೆಯೇ ಮಾರಾಟದವರಿಗೆ ರಸೀದಿ. ಎರಡು ಗಂಟೆಯೊಳಗೆ ರಸೀದಿ ಬಾರದಿದ್ದರೆ ಮತ್ತೊಂದು ಪತ್ರ ಬರೆಯುವಂತಿಲ್ಲ, ದೂರವಾಣಿ ಮಾಡಬೇಕು ಅಥವಾ ಎದ್ದು ಕಾರ್ಯಾಗಾರಕ್ಕೆ ನಡೆದುಹೋಗಬೇಕು. ದಿನಕ್ಕೆ ನಾಲ್ಕು ಚೌಕಟ್ಟು ಬೆಸೆಯುವ ಕಾರ್ಯಾಗಾರದಲ್ಲಿ ಎರಡು ಗಂಟೆಯೆಂದರೆ ಒಂದು ಚೌಕಟ್ಟು. ಆ ಒಂದರ ನಷ್ಟವನ್ನು ಒಪ್ಪಿಕೊಂಡೇ ಈ ಗಡುವನ್ನು ಇಡಲಾಗಿದೆ. ದಿನಕ್ಕೆ ನಲವತ್ತು ಬಿಡಿಭಾಗ ಕತ್ತರಿಸುವ ಘಟಕಕ್ಕೆ ಹದಿನೈದು ನಿಮಿಷವೂ ಹೆಚ್ಚೆನಿಸಬಹುದು, ತಿಂಗಳಿಗೊಂದು ಟ್ರೇಲರ್ ಕಟ್ಟುವವರಿಗೆ ಮರುದಿನದ ಸಾರಾಂಶವೇ ಸಾಕಾಗಬಹುದು.

ಈ ಏರ್ಪಾಡು ಮಾಡಿದ ಬಳಿಕ ಕಾನಹೊಸಹಳ್ಳಿಯ ಫೋರ್‌ಮನ್‌ಗೆ ದಿನಕ್ಕೆ 72ರ ಬದಲು ಐದಾರು ಪತ್ರಗಳು ಬರುವಂತಾದರೆ ಅದು ಸರಿಯಾದ ದಿಕ್ಕು. ಆದರೆ ಸಂಖ್ಯೆ ಇಳಿದುದಷ್ಟೇ ಯಶಸ್ಸಲ್ಲ. ತಿಂಗಳ ಕೊನೆಯಲ್ಲಿ ‘ಅಳತೆ ಬದಲು’ ಸ್ಥಿತಿಯನ್ನು ದಾಟಿ ಬಂದ ದಾಖಲೆಗಳನ್ನೆಲ್ಲ ತೆರೆದು, ಬದಲಾವಣೆ ಬರೆದ ಗಳಿಗೆಗೂ ರಸೀದಿಯ ಗಳಿಗೆಗೂ ನಡುವೆ ಎಷ್ಟು ಹೊತ್ತಾಯಿತೆಂದು ನೋಡಬೇಕು. ಟ್ರ್ಯಾಕರ್ ಎರಡೂ ವೇಳೆಗಳನ್ನು ನಿಮಿಷದ ಲೆಕ್ಕದಲ್ಲಿ ಇಟ್ಟಿರುತ್ತದೆ. ಇದರ ಜೊತೆಗೆ, ಅಳತೆ ಬದಲಾದರೂ ಆ ಸ್ಥಿತಿಗೆ ಹೋಗದೆ ಟಿಪ್ಪಣಿಯಲ್ಲಿಯೇ ಉಳಿದುಹೋದ ದಾಖಲೆಗಳು ಎಷ್ಟೆಂಬುದನ್ನೂ ಹುಡುಕಬೇಕು. ‘ಸೆಂಟಿಮೀಟರ್’, ‘ಇಂಚು’, ‘ಗುಳ’ ಎಂಬ ಪದಗಳನ್ನು ಹಾಕಿ ಆ ತಿಂಗಳ ಟಿಪ್ಪಣಿಗಳನ್ನು ಶೋಧಿಸಿದರೆ ಅವು ಸಿಕ್ಕಿಬೀಳುತ್ತವೆ. ಮೊದಲ ತಿಂಗಳು ಅಂಥವು ನಾಲ್ಕೈದು ಸಿಕ್ಕರೆ ಮಾರಾಟದವರನ್ನು ಗದರಿಸುವುದಕ್ಕೆ ಮುಂಚೆ, ಅವರು ರಸ್ತೆಯಲ್ಲಿ ನಿಂತು ಮೊಬೈಲಿನಿಂದ ಸ್ಥಿತಿಯನ್ನು ಬದಲಿಸಲು ಎಷ್ಟು ಸಲ ಬೆರಳೊತ್ತಬೇಕಾಗಿದೆಯೆಂದು ಮಾಲೀಕರು ಒಮ್ಮೆ ಸ್ವತಃ ಪ್ರಯತ್ನಿಸಿ ನೋಡುವುದು ಒಳಿತು.